ಥಿಯರಿ ಪರೀಕ್ಷೆಯಲ್ಲಿ ವಾಹನ ತಪಾಸಣೆ: ಟೈರ್ ಗಾಳಿಯಿಂದ ಡ್ಯಾಶ್‌ಬೋರ್ಡ್ ದೀಪದವರೆಗೆ

ಲೈಸೆನ್ಸ್‌ನ ಥಿಯರಿ ಪರೀಕ್ಷೆಗೆ ಕೂರುವವರು ರಸ್ತೆ ಚಿಹ್ನೆಗಳನ್ನು, ಯಾರಿಗೆ ದಾರಿ ಬಿಡಬೇಕು ಎನ್ನುವ ನಿಯಮಗಳನ್ನು ಚೆನ್ನಾಗಿಯೇ ಓದಿಕೊಂಡಿರುತ್ತಾರೆ. ವಾಹನ ತಪಾಸಣೆಯ ಪಾಠ ಬಂದಾಗ ಮಾತ್ರ ಒಂದೆರಡು ಸಂಖ್ಯೆ ಬಾಯಿಪಾಠ ಮಾಡಿ ಪುಟ ತಿರುಗಿಸುತ್ತಾರೆ. 1.6 ಮಿಲಿಮೀಟರ್. ಕೆಂಪು ದೀಪ ಬಂದರೆ ನಿಲ್ಲಿಸು. ಇಷ್ಟೇ ಅಲ್ವಾ ಅಂತ.

ಇಷ್ಟೇ ಆಗಿದ್ದರೆ ಈ ಪ್ರಶ್ನೆಗಳಲ್ಲಿ ಯಾರಿಗೂ ಅಂಕ ಹೋಗುತ್ತಿರಲಿಲ್ಲ. ಪರೀಕ್ಷೆಯಲ್ಲಿ ಕೇಳುವ ರೀತಿ ಬೇರೆ. ಟೈರ್ ಬಿಸಿ ಇದೆಯೋ ತಣ್ಣಗಿದೆಯೋ, ಗಾಡಿ ಸಮತಟ್ಟು ಜಾಗದಲ್ಲಿ ನಿಂತಿದೆಯೋ ಇಳಿಜಾರಿನಲ್ಲೋ, ಎಂಜಿನ್ ಓಡುತ್ತಿದೆಯೋ ಇಲ್ಲವೋ, ದೀಪ ಕೀ ತಿರುಗಿಸಿದಾಗ ಬಂತೋ ಓಡಿಸುವಾಗ ಬಂತೋ, ಹೀಗೆ ಒಂದು ಸ್ಥಿತಿಯನ್ನು ಪ್ರಶ್ನೆಯೊಳಗೆ ಮೆತ್ತಗೆ ಸೇರಿಸಿರುತ್ತಾರೆ, ಉತ್ತರ ನಿಂತಿರುವುದು ಅದರ ಮೇಲೆಯೇ. ಹಾಗಾಗಿ ಪ್ರತಿ ತಪಾಸಣೆಗೂ ಎರಡು ವಿಷಯ ತಿಳಿದಿರಬೇಕು: ಯಾವ ಸ್ಥಿತಿಯಲ್ಲಿ ನೋಡಿದರೆ ಸರಿಯಾದ ಲೆಕ್ಕ ಸಿಗುತ್ತದೆ, ಮತ್ತು ಆ ಲೆಕ್ಕ ತಪ್ಪಿದ್ದರೆ ಅದಕ್ಕೆ ಕಾರಣ ಏನಿರಬಹುದು. ಕೆಳಗೆ ಅದೇ ಕ್ರಮದಲ್ಲಿ ಹೋಗೋಣ. ಒಮ್ಮೆ ಓದಿ, ಆಮೇಲೆ ಮನೆಯಲ್ಲಿ ನಿಂತಿರುವ ಯಾವುದಾದರೂ ಕಾರಿನ ಹತ್ತಿರ ಹೋಗಿ ಕೈಯಿಂದ ಮುಟ್ಟಿ ನೋಡಿ. ಓದಿದ್ದಕ್ಕಿಂತ ನೋಡಿದ್ದು ಜಾಸ್ತಿ ದಿನ ನೆನಪಿರುತ್ತದೆ.

ಮೊದಲ ಹೆಜ್ಜೆ: ಟೈರ್ ಗಾಳಿ

ಮೊದಲು ಎಷ್ಟು ಗಾಳಿ ಇರಬೇಕು ಎನ್ನುವುದನ್ನು ಸರಿಯಾದ ಜಾಗದಲ್ಲಿ ಓದಬೇಕು. ಡ್ರೈವರ್ ಬಾಗಿಲು ತೆಗೆದರೆ ಒಳಗಿನ ಕಂಬದ ಮೇಲೆ ಒಂದು ಸ್ಟಿಕ್ಕರ್ ಇರುತ್ತದೆ. ಕೆಲವು ಕಾರುಗಳಲ್ಲಿ ಅದು ಇಂಧನ ತುಂಬಿಸುವ ಮುಚ್ಚಳದ ಒಳಭಾಗದಲ್ಲಿರುತ್ತದೆ. ಎರಡೂ ಕಡೆ ಕಾಣದಿದ್ದರೆ ಕಾರಿನ ಕೈಪಿಡಿ ನೋಡಿ. ಮುಂದಿನ ಚಕ್ರಕ್ಕೆ ಎಷ್ಟು, ಹಿಂದಿನದಕ್ಕೆ ಎಷ್ಟು, ಪೂರ್ತಿ ಜನ ಮತ್ತು ಲಗೇಜು ಇದ್ದಾಗ ಎಷ್ಟು ಅಂತ ಬೇರೆ ಬೇರೆ ಬರೆದಿರುತ್ತದೆ. ಲೋಡ್ ಜಾಸ್ತಿ ಇದ್ದಾಗ, ಅದರಲ್ಲೂ ಹಿಂದಿನ ಚಕ್ರಕ್ಕೆ, ಸಾಮಾನ್ಯವಾಗಿ ಹೆಚ್ಚು ಗಾಳಿ ಬೇಕಾಗುತ್ತದೆ.

ಟೈರಿನ ಪಕ್ಕದ ಗೋಡೆಯ ಮೇಲೂ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಅದನ್ನು ನಂಬಿ ಗಾಳಿ ಹಿಡಿಸಬಾರದು. ಅದು ಆ ಟೈರ್ ತಡೆದುಕೊಳ್ಳುವ ಗರಿಷ್ಠ ಒತ್ತಡ. ಅದೇ ಟೈರನ್ನು ಹಗುರವಾದ ಕಾರಿಗೂ ಹಾಕಬಹುದು, ಭಾರದ ಕಾರಿಗೂ ಹಾಕಬಹುದು, ನಿಮ್ಮ ಕಾರಿಗೆ ಎಷ್ಟು ಬೇಕು ಅಂತ ಟೈರ್ ಮಾಡಿದವರಿಗೆ ಗೊತ್ತಿರುವುದಿಲ್ಲ. ನಾಲ್ಕು ಉತ್ತರಗಳ ನಡುವೆ "ಟೈರಿನ ಮೇಲೆ ಬರೆದಿರುವ ಒತ್ತಡ" ಅಂತ ಒಂದು ಉತ್ತರ ಇದ್ದರೆ ಅದು ಬಲೆ ಅಂತ ತಿಳಿಯಿರಿ.

ಇನ್ನು ಅಳೆಯುವ ಹೊತ್ತು. ಟೈರ್ ತಣ್ಣಗಿರಬೇಕು. ತಣ್ಣಗೆ ಅಂದರೆ ಗಾಡಿ ಸುಮಾರು ಮೂರು ಗಂಟೆ ನಿಂತಿರಬೇಕು, ಅಥವಾ ಹೆಚ್ಚೆಂದರೆ ಒಂದೆರಡು ಕಿಲೋಮೀಟರ್ ನಿಧಾನವಾಗಿ ಓಡಿರಬೇಕು. ಓಡುವಾಗ ಟೈರ್ ನೆಲಕ್ಕೆ ತಾಗುವ ಕಡೆ ಬಾಗುತ್ತದೆ, ಮತ್ತೆ ನೇರವಾಗುತ್ತದೆ, ಹೀಗೆ ಸಾವಿರಾರು ಸಲ ಬಾಗಿ ಬಾಗಿ ರಬ್ಬರ್ ಬಿಸಿಯಾಗುತ್ತದೆ, ಒಳಗಿನ ಗಾಳಿಯೂ ಬಿಸಿಯಾಗುತ್ತದೆ, ಬಿಸಿಯಾದ ಗಾಳಿಗೆ ಹಿಗ್ಗಲು ಜಾಗ ಇಲ್ಲದೆ ಒತ್ತಡ ಏರುತ್ತದೆ. ಸಾಮಾನ್ಯ ಕಾರಿನ ಟೈರಿನಲ್ಲಿ 10 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಒತ್ತಡ ಸುಮಾರು ಒಂದೂವರೆ ಪಿಎಸ್ಐ ಏರುತ್ತದೆ. ಸ್ಟಿಕ್ಕರ್ ಮೇಲಿನ ಸಂಖ್ಯೆ ಇರುವುದು ತಣ್ಣನೆಯ ಟೈರಿಗೆ.

ಇದನ್ನು ಒಂದು ಲೆಕ್ಕದಲ್ಲಿ ನೋಡೋಣ, ಯಾಕೆಂದರೆ ತಪ್ಪಾಗುವುದು ಇಲ್ಲೇ. ಒಂದು ಕಾರಿನ ಸ್ಟಿಕ್ಕರ್ ನಾಲ್ಕೂ ಚಕ್ರಕ್ಕೆ 33 ಪಿಎಸ್ಐ ಹೇಳುತ್ತದೆ ಅಂತಿಟ್ಟುಕೊಳ್ಳಿ. ಹೆದ್ದಾರಿಯಲ್ಲಿ ಒಂದು ಗಂಟೆ ಓಡಿಸಿ ಬಂದು ಗಾಳಿ ನೋಡುತ್ತೀರಿ. ಮೂರು ಟೈರ್ 36 ತೋರಿಸುತ್ತವೆ. ಹಿಂದಿನ ಬಲಗಡೆಯ ಟೈರ್ 31 ತೋರಿಸುತ್ತದೆ. ಯಾವುದನ್ನು ಸರಿ ಮಾಡಬೇಕು?

ಸುಮ್ನೆ ಸಂಖ್ಯೆ ಹೋಲಿಸಿದರೆ 36 ಇರುವ ಮೂರು ಟೈರುಗಳಲ್ಲಿ ಗಾಳಿ ಮೂರು ಪಿಎಸ್ಐ ಹೆಚ್ಚಾಗಿದೆ ಅನಿಸುತ್ತದೆ, 31 ಇರುವುದರಲ್ಲಿ ಬರೀ ಎರಡು ಕಮ್ಮಿ ಇದೆ ಅನಿಸುತ್ತದೆ. ಮೂರರಿಂದ ಗಾಳಿ ಬಿಟ್ಟು, ಒಂದಕ್ಕೆ ಎರಡು ಪಿಎಸ್ಐ ತುಂಬಿಸಿ ನಾಲ್ಕನ್ನೂ 33ಕ್ಕೆ ತಂದರೆ ಕೆಲಸ ಮುಗಿಯಿತು ಅನಿಸುತ್ತದೆ. ಹಾಗೆ ಮಾಡಿದರೆ ರಾತ್ರಿ ಕಾರು ನಿಂತು ತಣ್ಣಗಾದ ಮೇಲೆ ನಾಲ್ಕೂ ಟೈರುಗಳು 30ರ ಹತ್ತಿರ ಬಂದು ಕೂತಿರುತ್ತವೆ. ಅಂದರೆ ಸರಿಯಿದ್ದ ಮೂರನ್ನೂ ಕೆಡಿಸಿದ ಹಾಗಾಯಿತು. ಬಿಸಿ ಟೈರಿನಲ್ಲಿ 36 ಅಂದರೆ ತಣ್ಣಗಿದ್ದಾಗ ಸುಮಾರು 33, ಅವು ಸರಿಯಾಗಿಯೇ ಇವೆ. 31 ತೋರಿಸುತ್ತಿರುವುದು ಕೂಡ ಬಿಸಿಯಾಗಿದೆ, ಹಾಗಾಗಿ ತಣ್ಣಗಾದಾಗ ಅದು 28ರ ಆಸುಪಾಸಿಗೆ ಇಳಿಯುತ್ತದೆ. ಕೊರತೆ ಎರಡಲ್ಲ, ಐದು. ಸರಿಯಾದ ಕೆಲಸ ಎಂದರೆ ಬಿಸಿ ಟೈರಿನಿಂದ ಗಾಳಿ ಬಿಡದೇ ಇರುವುದು, ಕಮ್ಮಿ ಇರುವ ಒಂದನ್ನು ಉಳಿದ ಮೂರರ ಸಮಕ್ಕೆ ತುಂಬಿಸುವುದು, ಮರುದಿನ ಬೆಳಗ್ಗೆ ಗಾಡಿ ತೆಗೆಯುವ ಮುಂಚೆ ನಾಲ್ಕನ್ನೂ ಮತ್ತೆ ನೋಡುವುದು. ಒಂದೇ ಟೈರ್ ಕಮ್ಮಿ ತೋರಿಸಿದೆ ಅಂದರೆ ಮೊಳೆ ಚುಚ್ಚಿರಬಹುದು, ವಾಲ್ವ್ ಸೋರುತ್ತಿರಬಹುದು, ಅಥವಾ ರಿಮ್‌ಗೆ ಪೆಟ್ಟು ಬಿದ್ದು ಅಂಚಿನಲ್ಲಿ ಗಾಳಿ ಹೋಗುತ್ತಿರಬಹುದು. ಬೆಳಗ್ಗೆ ಅದೊಂದೇ ಮತ್ತೆ ಇಳಿದಿದ್ದರೆ ಸೋರಿಕೆ ಇರುವುದು ಖಾತ್ರಿ.

ಇದೇ ಉದಾಹರಣೆಯಲ್ಲಿ ಇನ್ನೊಂದು ವಿಷಯ ಇದೆ. ಈಗಿನ ಎಷ್ಟೋ ಕಾರುಗಳಲ್ಲಿ ಟೈರ್ ಗಾಳಿ ಕಮ್ಮಿಯಾದರೆ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ ಬರುತ್ತದೆ. ಕುದುರೆ ಲಾಳದ ಆಕಾರ, ಕೆಳಗೆ ಹಲ್ಲುಗಳು, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಈ ದೀಪ ಗಾಳಿ ಒಂಚೂರು ಇಳಿದ ತಕ್ಷಣ ಹೊತ್ತಿಕೊಳ್ಳುವುದಿಲ್ಲ. ಹಲವು ಕಾರುಗಳಲ್ಲಿ ಹೇಳಿದ ಒತ್ತಡಕ್ಕಿಂತ ಸುಮಾರು ಕಾಲು ಭಾಗ ಇಳಿದ ಮೇಲೆ ಬರುತ್ತದೆ. 33ರಲ್ಲಿ ಕಾಲು ಭಾಗ ಹೋದರೆ ಉಳಿಯುವುದು 25. ನಮ್ಮ ಟೈರ್ 28ರಲ್ಲಿದೆ, ಬಿಸಿಯಾಗಿ 31 ತೋರಿಸುತ್ತಿದೆ, ದೀಪ ಬಂದಿಲ್ಲ. ದೀಪ ಇಲ್ಲ ಅಂದ ಮಾತ್ರಕ್ಕೆ ಗಾಳಿ ಸರಿಯಿದೆ ಅಂತ ಅಲ್ಲ. ಕೆಲವು ಕಾರುಗಳಲ್ಲಿ ಟೈರಿನೊಳಗೆ ಸೆನ್ಸರ್ ಇರುವುದೇ ಇಲ್ಲ, ಒಂದು ಚಕ್ರ ಉಳಿದವಕ್ಕಿಂತ ಬೇಗ ತಿರುಗುತ್ತಿದೆಯೇ ಅಂತ ಲೆಕ್ಕ ಹಾಕಿ ದೀಪ ಹಚ್ಚುತ್ತವೆ. ಅಂಥ ಕಾರಿನಲ್ಲಿ ನಾಲ್ಕೂ ಟೈರ್ ಒಟ್ಟೊಟ್ಟಿಗೆ ನಿಧಾನವಾಗಿ ಇಳಿದರೆ ಹೋಲಿಸಲು ಏನೂ ಇರುವುದಿಲ್ಲ. ಇನ್ನು ಕೀ ತಿರುಗಿಸಿದಾಗ ಆ ದೀಪ ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಹಾಗೇ ನಿಂತರೆ, ಸಾಮಾನ್ಯವಾಗಿ ತೊಂದರೆ ಟೈರಿನಲ್ಲಲ್ಲ, ಅಳೆಯುವ ವ್ಯವಸ್ಥೆಯಲ್ಲೇ ಇದೆ ಅಂತ ಅರ್ಥ.

ಸ್ಟೆಪ್ನಿಯನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಿ. ಕೊನೆಗೆ ವಾಲ್ವ್ ಕ್ಯಾಪ್ ಹಾಕುವುದನ್ನು ಮರೆಯಬೇಡಿ, ಧೂಳು ಒಳಗೆ ಹೋಗಿ ವಾಲ್ವ್ ಸೋರದಂತೆ ಅದು ಕಾಯುತ್ತದೆ.

ಎರಡನೇ ಹೆಜ್ಜೆ: ಟೈರಿನ ಸವಕಳಿ

ಹೊಸ ಕಾರ್ ಟೈರಿನಲ್ಲಿ ಗೀರಿನ ಆಳ, ಅಂದರೆ ಟ್ರೆಡ್, ಸುಮಾರು 8 ಮಿಲಿಮೀಟರ್ ಇರುತ್ತದೆ. ಅನೇಕ ದೇಶಗಳಲ್ಲಿ ಕಾರಿಗೆ ಕಾನೂನಿನ ಕನಿಷ್ಠ ಮಿತಿ 1.6 ಮಿಲಿಮೀಟರ್. ಈ ಸಂಖ್ಯೆ ಎಲ್ಲರಿಗೂ ಗೊತ್ತಿರುತ್ತದೆ. ಎಲ್ಲಿ ಅಳೆಯಬೇಕು ಎನ್ನುವುದು ಗೊತ್ತಿರುವುದಿಲ್ಲ.

ಟೈರಿನ ಸುತ್ತ ಓಡುವ ದೊಡ್ಡ ಗೀರುಗಳ ತಳದಲ್ಲಿ ಅಲ್ಲಲ್ಲಿ ಒಂದು ಚಿಕ್ಕ ರಬ್ಬರ್ ದಿಣ್ಣೆ ಅಡ್ಡಲಾಗಿ ಇರುತ್ತದೆ. ಅದು ಎಲ್ಲಿದೆ ಅಂತ ಹುಡುಕಲು ಟೈರಿನ ಭುಜದ ಹತ್ತಿರ ಸಣ್ಣ ತ್ರಿಕೋನವೋ ಟಿಡಬ್ಲ್ಯೂಐ ಎಂಬ ಇಂಗ್ಲಿಷ್ ಅಕ್ಷರಗಳೋ ಇರುತ್ತವೆ, ಅಲ್ಲಿಂದ ನೇರವಾಗಿ ಗೀರಿನೊಳಗೆ ಬೆರಳು ಜಾರಿಸಿದರೆ ದಿಣ್ಣೆ ಸಿಗುತ್ತದೆ. ಕಾರ್ ಟೈರಿನಲ್ಲಿ ಈ ದಿಣ್ಣೆಯ ಎತ್ತರ 1.6 ಮಿಲಿಮೀಟರ್. ಟೈರ್ ಹೊಸದಿದ್ದಾಗ ಬೆರಳಿಗೆ ಅದು ಆಳದಲ್ಲಿ ಸಿಗುತ್ತದೆ. ಸವೆಯುತ್ತಾ ಹೋದ ಹಾಗೆ ಸುತ್ತಲಿನ ರಬ್ಬರ್ ಕೆಳಗಿಳಿದು ದಿಣ್ಣೆಯ ಸಮಕ್ಕೆ ಬರುತ್ತದೆ. ಬೆರಳು ಆಡಿಸಿದಾಗ ಏರಿಳಿತವೇ ಗೊತ್ತಾಗದೆ ನುಣ್ಣಗೆ ಜಾರಿದರೆ ಆ ಟೈರಿನ ಆಯಸ್ಸು ಮುಗಿದಿದೆ, ಗೇಜ್ ಬೇಕಾಗಿಲ್ಲ.

ಗೇಜ್ ಇದ್ದರೆ ಒಳಗಿನ ಅಂಚು, ನಡುವೆ, ಹೊರಗಿನ ಅಂಚು, ಹೀಗೆ ಮೂರು ಕಡೆ ಅಳೆಯಿರಿ. ಗಾಡಿಯನ್ನು ಸ್ವಲ್ಪ ಮುಂದಕ್ಕೆ ತಳ್ಳಿ, ಟೈರಿನ ಬೇರೆ ಭಾಗ ಮೇಲೆ ಬಂದಾಗ ಮತ್ತೆ ಅಳೆಯಿರಿ. ಗೇಜಿನ ಮೊನೆ ದಿಣ್ಣೆಯ ಮೇಲೆ ಕೂರಬಾರದು, ಗೀರಿನ ತಳಕ್ಕೆ ಮುಟ್ಟಬೇಕು, ಇಲ್ಲದಿದ್ದರೆ ಅಳತೆ ಕಮ್ಮಿ ಬರುತ್ತದೆ. ಮುಂದಿನ ಚಕ್ರದ ಒಳ ಅಂಚು ಹೊರಗೆ ನಿಂತವರಿಗೆ ಕಾಣುವುದೇ ಇಲ್ಲ. ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿದರೆ ಚಕ್ರ ಓರೆಯಾಗಿ ಒಳ ಅಂಚು ಕಣ್ಣಿಗೆ ಬೀಳುತ್ತದೆ. ನಾನು ಕಲಿಯುವವರಿಗೆ ಮೊದಲು ಮಾಡಿ ಅಂತ ಹೇಳುವುದು ಇದನ್ನೇ. ಎಷ್ಟೋ ಟೈರುಗಳು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತವೆ, ಒಳಗಡೆ ಬೋಳಾಗಿ ಒಳಗಿನ ದಾರ ಇಣುಕುತ್ತಿರುತ್ತದೆ.

ಈಗ ಪರೀಕ್ಷೆಯ ಲೆಕ್ಕ. ಹೊರ ಅಂಚಿನಲ್ಲಿ 4 ಮಿಲಿಮೀಟರ್, ನಡುವೆ 4, ಒಳಗಿನ ದೊಡ್ಡ ಗೀರಿನಲ್ಲಿ 1.4 ಇದೆ. ಟೈರ್ ಬಳಸಬಹುದೇ? ಸರಾಸರಿ ತೆಗೆದರೆ 3 ದಾಟುತ್ತದೆ. ಆದರೆ ಸರಾಸರಿಗೆ ಇಲ್ಲಿ ಬೆಲೆ ಇಲ್ಲ. ಎಷ್ಟೋ ದೇಶಗಳ ನಿಯಮ ಟೈರಿನ ಅಗಲದ ನಡುವಿನ ಮುಕ್ಕಾಲು ಭಾಗದಲ್ಲಿ, ಸುತ್ತಲೂ ಎಲ್ಲ ಕಡೆ, ಮಿತಿಗಿಂತ ಕಮ್ಮಿ ಇರಬಾರದು ಅನ್ನುತ್ತದೆ. ಒಳಗಿನ ದೊಡ್ಡ ಗೀರು ಸಾಮಾನ್ಯವಾಗಿ ಆ ಮುಕ್ಕಾಲು ಭಾಗದೊಳಗೇ ಬರುತ್ತದೆ. ಅಲ್ಲಿ 1.4 ಇದ್ದರೆ ಟೈರ್ ಬದಲಾಯಿಸಲೇಬೇಕು.

ಬದಲಾಯಿಸಿದರೆ ಸಾಕೇ ಅಂದರೆ, ಸಾಲದು. ಒಂದೇ ಅಂಚು ಸವೆದಿದೆ ಅಂದರೆ ಚಕ್ರದ ಅಲೈನ್‌ಮೆಂಟ್ ತಪ್ಪಿದೆ, ಟೈರ್ ನೇರವಾಗಿ ಉರುಳದೆ ಸ್ವಲ್ಪ ಸ್ವಲ್ಪವೇ ಉಜ್ಜಿಕೊಂಡು ಹೋಗುತ್ತಿದೆ. ಅದನ್ನು ಸರಿಪಡಿಸದೆ ಹೊಸ ಟೈರ್ ಹಾಕಿದರೆ ಅದೂ ಹಾಗೇ ಸವೆಯುತ್ತದೆ. ಎರಡೂ ಅಂಚು ಸವೆದು ನಡುವೆ ಚೆನ್ನಾಗಿದ್ದರೆ ಬಹಳ ದಿನ ಕಮ್ಮಿ ಗಾಳಿಯಲ್ಲಿ ಓಡಿದೆ ಅಂತ. ನಡುವೆ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು. ಅಲ್ಲಲ್ಲಿ ತಗ್ಗು ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಕಡೆ ಅನುಮಾನ ಹೋಗಬೇಕು. ಚಿತ್ರ ಕೊಟ್ಟು ಕಾರಣ ಕೇಳುವ ಪ್ರಶ್ನೆಗೆ ಈ ನಾಲ್ಕು ಸಾಕು.

ಗೀರು ಯಾಕೆ ಬೇಕು ಎನ್ನುವುದನ್ನೂ ತಿಳಿದಿರಿ. ಒಣ ರಸ್ತೆಯಲ್ಲಿ ಹಿಡಿತ ಕೊಡುವುದು ರಬ್ಬರ್, ಗೀರಿನ ಕೆಲಸ ಇರುವುದು ಮಳೆಯಲ್ಲಿ. ಟೈರಿನ ಕೆಳಗೆ ಸಿಕ್ಕ ನೀರು ಗೀರಿನ ಮೂಲಕ ಹೊರಗೆ ಹೋಗಬೇಕು. ಗೀರಿನಲ್ಲಿ ಆಳ ಇಲ್ಲದಿದ್ದರೆ, ವೇಗವೂ ಜಾಸ್ತಿ ಇದ್ದರೆ, ನೀರು ಹೋಗಲು ದಾರಿಯೂ ಇಲ್ಲ ಸಮಯವೂ ಇಲ್ಲ, ಟೈರ್ ನೀರಿನ ಮೇಲೆ ಎದ್ದು ತೇಲುತ್ತದೆ. ಆಗ ಸ್ಟೇರಿಂಗ್ ಇದ್ದಕ್ಕಿದ್ದಂತೆ ಹಗುರ ಅನಿಸುತ್ತದೆ. ಅದೇ ಗುರುತು. ಜೋರಾಗಿ ಬ್ರೇಕ್ ಒತ್ತದೆ, ಸ್ಟೇರಿಂಗ್ ಎಳೆದಾಡದೆ, ಆಕ್ಸಿಲರೇಟರ್‌ನಿಂದ ನಿಧಾನವಾಗಿ ಕಾಲು ತೆಗೆಯಬೇಕು.

ಪಕ್ಕದ ಗೋಡೆಯಲ್ಲಿ ಉಬ್ಬು ಕಂಡರೆ ಮಾತ್ರ ಟ್ರೆಡ್ ಎಷ್ಟೇ ಇರಲಿ, ಟೈರ್ ಬಿಚ್ಚಿಸಿ. ಒಳಗಿನ ಪದರ ಹರಿದು ಗಾಳಿ ಹೊರಗಿನ ರಬ್ಬರನ್ನು ತಳ್ಳುತ್ತಿದೆ, ಯಾವಾಗ ಬೇಕಾದರೂ ಒಡೆಯಬಹುದು.

ಮೂರನೇ ಹೆಜ್ಜೆ: ಬ್ರೇಕ್ ಫ್ಲೂಯಿಡ್

ಗಾಡಿ ಸಮತಟ್ಟು ಜಾಗದಲ್ಲಿ ನಿಂತಿರಲಿ, ಎಂಜಿನ್ ಬಂದ್ ಇರಲಿ. ಬಾನೆಟ್ ಎತ್ತಿದರೆ ಸಾಮಾನ್ಯವಾಗಿ ಡ್ರೈವರ್ ಕಡೆಯ ಗೋಡೆಗೆ ಹತ್ತಿರ, ಹಿಂದುಗಡೆ ಒಂದು ಚಿಕ್ಕ ಪ್ಲಾಸ್ಟಿಕ್ ಡಬ್ಬಿ ಕಾಣುತ್ತದೆ. ಮಸುಕಾದ ಬಿಳಿ ಬಣ್ಣ, ಹೊರಗಿನಿಂದಲೇ ಒಳಗಿನ ಮಟ್ಟ ಕಾಣುತ್ತದೆ. ಡಬ್ಬಿಯ ಮೇಲೆ ಮ್ಯಾಕ್ಸ್, ಮಿನ್ ಅಂತ ಎರಡು ಗೆರೆ. ಮಟ್ಟ ಇವೆರಡರ ನಡುವೆ ಇರಬೇಕು. ಬೆಳಕು ಸಾಲದಿದ್ದರೆ ಟಾರ್ಚ್ ಹಿಡಿದು ನೋಡಿ, ಆದರೆ ಸುಮ್ನೆ ನೋಡುವುದಕ್ಕಾಗಿ ಮುಚ್ಚಳ ತೆಗೆಯಬೇಡಿ. ಈ ದ್ರವ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ.

ತೇವ ಸೇರಿದರೆ ಏನಾಗುತ್ತದೆ? ಕಾರುಗಳಲ್ಲಿ ತುಂಬಾ ಬಳಕೆಯಲ್ಲಿರುವ ಡಾಟ್ 4 ಫ್ಲೂಯಿಡ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎನ್ನುವುದು ಅದರ ಮಾನದಂಡ. ನೀರು ಸೇರಿದ ಮೇಲಿನ ಮಾನದಂಡ 155 ಡಿಗ್ರಿ. ಉದ್ದದ ಇಳಿಜಾರಿನಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಡಿಸ್ಕ್ ಮತ್ತು ಪ್ಯಾಡ್ ಕಾದು ಆ ಬಿಸಿ ಫ್ಲೂಯಿಡ್‌ಗೂ ತಲುಪುತ್ತದೆ. ಅದು ಕುದ್ದರೆ ಪೈಪಿನೊಳಗೆ ಆವಿಯ ಗುಳ್ಳೆಗಳಾಗುತ್ತವೆ. ದ್ರವವನ್ನು ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ಕಾಲು ಒತ್ತಿದ ಬಲವೆಲ್ಲ ಗುಳ್ಳೆ ಕುಗ್ಗಿಸುವುದರಲ್ಲೇ ಹೋಗಿ ಪೆಡಲ್ ಮೆತ್ತಗೆ ಒಳಗೆ ಇಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಮಟ್ಟ ಸರಿಯಿದ್ದರೂ ಫ್ಲೂಯಿಡ್ ಹಳೆಯದಾಗಿದ್ದರೆ ಹೀಗಾಗಬಹುದು. ಅದಕ್ಕೇ ಹಲವು ಕಾರುಗಳ ಕೈಪಿಡಿಯಲ್ಲಿ ಸುಮಾರು ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಎಂದಿರುತ್ತದೆ.

ಈಗ ಮಟ್ಟ ಇಳಿಯುವ ವಿಷಯಕ್ಕೆ ಬರೋಣ. ಇದನ್ನು ಸರಿಯಾಗಿ ತಿಳಿದುಕೊಂಡರೆ ಬ್ರೇಕ್ ಬಗ್ಗೆ ಬರುವ ಅರ್ಧದಷ್ಟು ಪ್ರಶ್ನೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಬ್ರೇಕ್ ವ್ಯವಸ್ಥೆ ಮುಚ್ಚಿದ ವ್ಯವಸ್ಥೆ. ಫ್ಲೂಯಿಡ್ ಇಂಧನದ ಹಾಗೆ ಉರಿದು ಖರ್ಚಾಗುವುದಿಲ್ಲ. ಹಾಗಾದರೆ ಇಳಿಯುವುದು ಯಾಕೆ? ಎರಡೇ ದಾರಿ. ಮೊದಲನೆಯದು, ಪ್ಯಾಡ್ ಸವೆದಾಗ ಅದನ್ನು ಒತ್ತುವ ಪಿಸ್ಟನ್ ಸ್ವಲ್ಪ ಸ್ವಲ್ಪವೇ ಹೊರಗೆ ಬಂದು ನಿಲ್ಲುತ್ತದೆ, ಅದರ ಹಿಂದೆ ಆದ ಜಾಗವನ್ನು ಡಬ್ಬಿಯ ಫ್ಲೂಯಿಡ್ ತುಂಬುತ್ತದೆ. ತಿಂಗಳುಗಟ್ಟಲೆ ನಿಧಾನವಾಗಿ ಆಗುವ ಇಳಿತ ಇದು. ಎರಡನೆಯದು ಸೋರಿಕೆ. ಇದು ಬೇಗ ಇಳಿಯುತ್ತದೆ, ಚಕ್ರದ ಒಳಮೈ ಮೇಲೆ ಅಥವಾ ಗಾಡಿ ನಿಂತ ಜಾಗದಲ್ಲಿ ಒದ್ದೆ ಕಲೆ ಕಾಣಬಹುದು, ಪೆಡಲ್ ಒತ್ತಿ ಹಿಡಿದರೆ ಮೆಲ್ಲಗೆ ಕೆಳಗೆ ಹೋಗಬಹುದು.

ಒಂದು ಪ್ರಶ್ನೆ ಹೀಗಿರುತ್ತದೆ ಅಂದುಕೊಳ್ಳಿ. ತಿರುವಿನಲ್ಲಿ ಹೋಗುವಾಗ ಕೆಂಪು ಬ್ರೇಕ್ ದೀಪ ಒಂದು ಕ್ಷಣ ಬಂದು ಹೋಗುತ್ತದೆ. ನೇರ ರಸ್ತೆಯಲ್ಲಿ ಬರುವುದಿಲ್ಲ. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದೆ. ಏನಾಗಿದೆ? ವೈರ್ ಲೂಸಾಗಿದೆ ಅನ್ನುವ ಉತ್ತರ ಆಕರ್ಷಕವಾಗಿ ಕಾಣುತ್ತದೆ. ಆದರೆ ಡಬ್ಬಿಯೊಳಗೆ ತೇಲುವ ಒಂದು ಸ್ವಿಚ್ ಇದೆ, ಮಟ್ಟ ಇಳಿದರೆ ಅದು ಕೆಳಗೆ ಬಂದು ದೀಪ ಹಚ್ಚುತ್ತದೆ. ಮಟ್ಟ ಮಿನ್ ಗೆರೆಯ ಹತ್ತಿರ ಇದ್ದಾಗ ತಿರುವಿನಲ್ಲಿ ಫ್ಲೂಯಿಡ್ ಒಂದು ಪಕ್ಕಕ್ಕೆ ಸರಿಯುತ್ತದೆ, ಸ್ವಿಚ್ ಒಂದು ಕ್ಷಣ ಇಳಿಯುತ್ತದೆ, ದೀಪ ಬರುತ್ತದೆ, ರಸ್ತೆ ನೇರವಾದಾಗ ಎಲ್ಲ ಮೊದಲಿನ ಹಾಗೆ. ಜೋರಾಗಿ ಬ್ರೇಕ್ ಹಿಡಿದಾಗ ಅಥವಾ ಕಡಿದಾದ ಇಳಿಜಾರಿನಲ್ಲಿ ದೀಪ ಮಿನುಗುವುದೂ ಇದೇ ಕಾರಣಕ್ಕೆ ಇರಬಹುದು. ಹಾಗಾಗಿ ಮೊದಲು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಮಟ್ಟ ನೋಡಬೇಕು.

ಮಟ್ಟ ಮಿನ್ ಹತ್ತಿರ ಇದೆ. ಮುಂದೇನು? ಸುರಿದು ಮ್ಯಾಕ್ಸ್‌ಗೆ ತಂದರೆ ದೀಪ ಹೋಗುತ್ತದೆ, ಅದೇ ಅಪಾಯ. ದೀಪ ಹೇಳುತ್ತಿದ್ದ ವಿಷಯ ಮುಚ್ಚಿಹೋಯಿತು. ಪ್ಯಾಡ್ ಸವೆದು ಇಳಿದಿದ್ದರೆ ನಾಳೆ ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ನನ್ನು ಒಳಗೆ ತಳ್ಳುತ್ತಾರೆ, ಅಲ್ಲಿದ್ದ ಫ್ಲೂಯಿಡ್ ಡಬ್ಬಿಗೆ ವಾಪಸ್ ಬಂದು ಉಕ್ಕಿ ಚೆಲ್ಲುತ್ತದೆ, ಬಿದ್ದ ಕಡೆ ಪೇಂಟ್ ಕಿತ್ತುಬರುತ್ತದೆ. ಸೋರಿ ಇಳಿದಿದ್ದರಂತೂ ತುಂಬಿದ್ದೂ ಸೋರುತ್ತದೆ. ಹಾಗಾಗಿ ಮೊದಲು ಪ್ಯಾಡ್ ದಪ್ಪ ನೋಡಿಸಬೇಕು, ಚಕ್ರಗಳ ಹಿಂದೆ ಒದ್ದೆ ಇದೆಯೇ ನೋಡಬೇಕು, ಎಂಜಿನ್ ಓಡುತ್ತಿರುವಾಗ ಪೆಡಲ್ ಒತ್ತಿ ಹಿಡಿದು ಅದು ಗಟ್ಟಿಯಾಗಿ ನಿಲ್ಲುತ್ತದೆಯೇ ನೋಡಬೇಕು. ಪೆಡಲ್ ಇಳಿದರೆ ಅಥವಾ ಮಟ್ಟ ಮಿನ್‌ಗಿಂತ ಕೆಳಗಿದ್ದರೆ ಗಾಡಿ ಓಡಿಸಬೇಡಿ, ಮೆಕ್ಯಾನಿಕ್ ಅನ್ನು ಗಾಡಿ ಇರುವಲ್ಲಿಗೇ ಕರೆಸಿ.

ತುಂಬಿಸಲೇಬೇಕಾಗಿ ಬಂದರೆ ಮುಚ್ಚಳದ ಮೇಲೆ ಬರೆದಿರುವ ಡಾಟ್ ಸಂಖ್ಯೆಯದ್ದನ್ನೇ, ಸೀಲ್ ಒಡೆಯದ ಡಬ್ಬದಿಂದ ಹಾಕಬೇಕು. ಡಾಟ್ 5 ಸಿಲಿಕೋನ್‌ನಿಂದ ಮಾಡಿದ್ದು, ಅದನ್ನು ಡಾಟ್ 3 ಅಥವಾ 4ರ ಜೊತೆ ಬೆರೆಸಬಾರದು. ಬ್ರೇಕ್ ಆಯಿಲ್ ಅಂತ ಬಾಯಿಮಾತಿನಲ್ಲಿ ಕರೆದರೂ ಎಂಜಿನ್ ಆಯಿಲನ್ನು ಇದಕ್ಕೆ ಯಾವತ್ತೂ ಹಾಕಬೇಡಿ, ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಇಡೀ ಬ್ರೇಕ್ ವ್ಯವಸ್ಥೆ ಕೆಡುತ್ತದೆ.

ನಾಲ್ಕನೇ ಹೆಜ್ಜೆ: ಡ್ಯಾಶ್‌ಬೋರ್ಡ್ ದೀಪಗಳು

ಕೀ ತಿರುಗಿಸಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಎಚ್ಚರಿಕೆಯ ದೀಪಗಳು ಬಹುತೇಕ ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಇದು ದೋಷವಲ್ಲ, ದೀಪಗಳು ಕೆಲಸ ಮಾಡುತ್ತಿವೆಯೇ ಅಂತ ಕಾರು ತಾನೇ ಪರೀಕ್ಷೆ ಮಾಡಿಕೊಳ್ಳುತ್ತಿದೆ. ಕೆಲವು ಒಂದೆರಡು ಸೆಕೆಂಡಿನಲ್ಲಿ ಆರುತ್ತವೆ, ಆಯಿಲ್ ಮತ್ತು ಬ್ಯಾಟರಿ ದೀಪ ಎಂಜಿನ್ ಸ್ಟಾರ್ಟ್ ಆದ ಮೇಲೆ ಆರುತ್ತವೆ. ಪರೀಕ್ಷೆಯಲ್ಲಿ ಇದನ್ನು ತಿರುಗಿಸಿ ಕೇಳುತ್ತಾರೆ: ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಎಬಿಎಸ್, ಕೀ ತಿರುಗಿಸಿದಾಗ ಅದರ ದೀಪ ಬರಲೇ ಇಲ್ಲ, ಇದರ ಅರ್ಥ? ಎಲ್ಲ ಸರಿಯಿದೆ ಅಂತ ಅಲ್ಲ. ದೀಪವೇ ಕೆಟ್ಟಿರಬಹುದು, ಎಬಿಎಸ್ ಹಾಳಾದರೂ ಅದು ಹೇಳಲಾರದು.

ಕೆಂಪು ಅಂದರೆ ಅಪಾಯ, ಹಳದಿ ಅಂದರೆ ಗಮನ ಕೊಡಬೇಕಾದ ದೋಷ, ಹಸಿರು ಮತ್ತು ನೀಲಿ ಅಂದರೆ ಯಾವುದೋ ದೀಪ ಅಥವಾ ಸೌಲಭ್ಯ ಆನ್ ಇದೆ. ಇಷ್ಟು ಎಲ್ಲರಿಗೂ ಗೊತ್ತು. ಕೆಂಪಿನಲ್ಲೂ ತರತಮ ಇದೆ, ಅದನ್ನು ನೋಡೋಣ.

ಎಣ್ಣೆ ಕುಡಿಕೆಯಂಥ ಚಿತ್ರದ ಕೆಂಪು ದೀಪ ತೋರಿಸುವುದು ಆಯಿಲ್ ಒತ್ತಡವನ್ನು. ಡಿಪ್‌ಸ್ಟಿಕ್ ತೋರಿಸುವುದು ಆಯಿಲ್ ಮಟ್ಟವನ್ನು. ಮಟ್ಟ ಸರಿಯಿದ್ದರೂ ಪಂಪ್ ಕೆಟ್ಟರೆ ಒತ್ತಡ ಇರುವುದಿಲ್ಲ. ಓಡಿಸುವಾಗ ಈ ದೀಪ ಬಂದರೆ ಸುರಕ್ಷಿತವಾದ ಮೊದಲ ಜಾಗದಲ್ಲೇ ನಿಲ್ಲಿಸಿ ಎಂಜಿನ್ ಬಂದ್ ಮಾಡಬೇಕು. ಹತ್ತಿರದ ಗ್ಯಾರೇಜ್‌ವರೆಗೆ ನಿಧಾನವಾಗಿ ಹೋಗುವುದು ಎನ್ನುವ ಉತ್ತರ ತಪ್ಪು, ಆಯಿಲ್ ಇಲ್ಲದೆ ಲೋಹಕ್ಕೆ ಲೋಹ ಉಜ್ಜಿ ಎಂಜಿನ್ ಕೆಡಲು ತುಂಬಾ ಹೊತ್ತು ಬೇಕಿಲ್ಲ. ಕೆಲವು ನಿಮಿಷ ಬಿಟ್ಟು ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ಒರೆಸಿ, ಮತ್ತೆ ಅದ್ದಿ ಮಟ್ಟ ನೋಡಿ. ಮಟ್ಟ ಸರಿಯಿದ್ದೂ ದೀಪ ಆರದಿದ್ದರೆ ಗಾಡಿಯನ್ನು ಎಳೆಸಿಕೊಂಡೇ ಹೋಗಬೇಕು.

ಬ್ಯಾಟರಿ ಚಿತ್ರದ ಕೆಂಪು ದೀಪ ಓಡುವಾಗ ಬಂದರೆ ಚಾರ್ಜ್ ಆಗುವುದು ನಿಂತಿದೆ. ಗಾಡಿ ಬ್ಯಾಟರಿಯಲ್ಲಿ ಉಳಿದಿರುವಷ್ಟು ಶಕ್ತಿಯ ಮೇಲೆ ಮಾತ್ರ ಓಡುತ್ತಿದೆ. ಎಸಿ, ಮ್ಯೂಸಿಕ್ ಎಲ್ಲ ಆರಿಸಿ ಉಷ್ಣಾಂಶದ ಮುಳ್ಳು ನೋಡಿ. ಯಾಕೆಂದರೆ ಕೆಲವು ಎಂಜಿನ್‌ಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಅನ್ನು ತಿರುಗಿಸುವ ಬೆಲ್ಟೇ ನೀರಿನ ಪಂಪನ್ನೂ ತಿರುಗಿಸುತ್ತದೆ, ಬೆಲ್ಟ್ ಹರಿದಿದ್ದರೆ ಎಂಜಿನ್ ಬೇಗ ಕಾಯುತ್ತದೆ. ಮುಳ್ಳು ಏರುತ್ತಿದ್ದರೆ ನಿಲ್ಲಿಸಬೇಕು, ಕಾದ ರೇಡಿಯೇಟರ್ ಮುಚ್ಚಳವನ್ನು ಮಾತ್ರ ತೆಗೆಯಬಾರದು.

ಎಂಜಿನ್ ಚಿತ್ರದ ಹಳದಿ ದೀಪ ಸ್ಥಿರವಾಗಿ ನಿಂತಿದ್ದರೆ ಬೇಗ ತೋರಿಸಿ. ಅದು ಮಿನುಗುತ್ತಿದ್ದರೆ ಸಾಮಾನ್ಯವಾಗಿ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ, ಉರಿಯದ ಇಂಧನ ಹೊಗೆ ಕೊಳವೆಗೆ ಹೋಗಿ ಕ್ಯಾಟಲಿಟಿಕ್ ಕನ್ವರ್ಟರ್ ಸುಡಬಹುದು. ಆಕ್ಸಿಲರೇಟರ್ ತಗ್ಗಿಸಿ, ಜಾಗ ನೋಡಿ ನಿಲ್ಲಿಸಿ.

ಕೊನೆಗೆ ಎರಡು ದೀಪ ಒಟ್ಟಿಗೆ ಬರುವ ಪ್ರಶ್ನೆ. ಎಬಿಎಸ್ ಹಳದಿ ದೀಪ ಒಂದೇ ಉಳಿದುಕೊಂಡರೆ ಸಾಮಾನ್ಯ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗಿ ಜಾರಬಹುದು, ಅಂತರ ಜಾಸ್ತಿ ಬಿಟ್ಟು ಎಚ್ಚರಿಕೆಯಿಂದ ಗ್ಯಾರೇಜ್‌ಗೆ ಹೋಗಬಹುದು. ಅದರ ಜೊತೆಗೆ ಕೆಂಪು ಬ್ರೇಕ್ ದೀಪವೂ ಬಂದರೆ ಲೆಕ್ಕ ಬದಲಾಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಬ್ರೇಕಿನ ಬಲ ಹಂಚುವ ವ್ಯವಸ್ಥೆಯೂ ಕೈಕೊಟ್ಟಿರಬಹುದು, ಆಗ ಹಿಂದಿನ ಚಕ್ರಗಳು ಮೊದಲು ಲಾಕ್ ಆಗಿ ಗಾಡಿಯ ಹಿಂಭಾಗ ಪಕ್ಕಕ್ಕೆ ಬೀಸಿಬಿಡಬಹುದು. ಫ್ಲೂಯಿಡ್ ಇಳಿದಿರುವ ಸಾಧ್ಯತೆಯೂ ಇದೆ. ಎಬಿಎಸ್ ದೀಪಕ್ಕೆ ನಿಧಾನವಾಗಿ ಓಡಿಸಬಹುದು ಅಂತ ಓದಿದ್ದನ್ನೇ ಇಲ್ಲಿಗೂ ಹಚ್ಚಿದರೆ ಉತ್ತರ ತಪ್ಪಾಗುತ್ತದೆ. ಪೆಡಲನ್ನು ಮೆತ್ತಗೆ ಒತ್ತಿ, ನೇರ ರಸ್ತೆಯಲ್ಲಿ ವೇಗ ಇಳಿಸಿ, ಪಕ್ಕಕ್ಕೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ನೋಡಿ, ಬಾನೆಟ್ ಎತ್ತಿ ಮಟ್ಟ ನೋಡಿ. ಮಟ್ಟ ಸರಿಯಿದ್ದರೂ ಎರಡು ದೀಪ ಹಾಗೇ ಉರಿಯುತ್ತಿದ್ದರೆ ಗಾಡಿ ಅಲ್ಲಿಂದ ತನ್ನ ಚಕ್ರದ ಮೇಲೆ ಹೋಗಬಾರದು.